ಮೂರು ಮೇಜು, ಒಂದು ಬಾಡಿಗೆ: ನಮ್ಮ ಹಂಚಿಕೆಯ ಲೆಕ್ಕ ನೆಲೆಗೆ ನಿಂತ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ, ಕೆಳಗೆ ಔಷಧದ ಅಂಗಡಿಯಿರುವ ಒಂದು ಕಟ್ಟಡದ ಮೊದಲ ಮಹಡಿಯ ಕೋಣೆಯನ್ನು ನಾವು ಮೂವರು ಸೇರಿ ಬಾಡಿಗೆಗೆ ಹಿಡಿದದ್ದು 2025ರ ಜನವರಿಯಲ್ಲಿ. ಮೂವರೂ ಯಾವ ಕಂಪನಿಯ ನೌಕರರೂ ಅಲ್ಲ, ಬಂದ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡಿ ಬೇಸತ್ತವರು. ನಾನು ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಇನ್ನೊಬ್ಬ ಗೆಳೆಯ ವಿಡಿಯೊ ಸಂಕಲನ ಮಾಡುವವನು. ಅವನನ್ನು ಇಲ್ಲಿ ಸಂಕಲನಕಾರ ಎಂದೇ ಕರೆಯುತ್ತೇನೆ. ಮೂರನೆಯವರು ಆನ್‌ಲೈನ್‌ನಲ್ಲಿ ಜರ್ಮನ್ ಭಾಷೆ ಕಲಿಸುವವರು. ವಯಸ್ಸಿನಲ್ಲಿ ನಮಗಿಂತ ಹಿರಿಯರಾದ್ದರಿಂದ ನಾವಿಬ್ಬರೂ ಅವರನ್ನು ಮೇಡಂ ಎನ್ನುತ್ತೇವೆ.

ಕೋಣೆ 12 ಅಡಿ ಅಗಲ, 20 ಅಡಿ ಉದ್ದ. ಬಾಡಿಗೆ ತಿಂಗಳಿಗೆ 15,000 ರೂಪಾಯಿ, ಮುಂಗಡ ಆರು ತಿಂಗಳ ಬಾಡಿಗೆ, ಅಂದರೆ 90,000. ಇಂಟರ್‌ನೆಟ್‌ಗೆ 100 Mbps ವೇಗದ ಫೈಬರ್ ಸಂಪರ್ಕ ಹಾಕಿಸಿದೆವು. ಅದರ ದರ 799 ರೂಪಾಯಿ, ಶೇಕಡ 18ರ ಜಿಎಸ್‌ಟಿ ಸೇರಿದರೆ 943. ಮೊದಲ ದಿನ ಕಾಫಿ ಕುಡಿಯುತ್ತಾ ನಾವು ಮಾಡಿಕೊಂಡ ಒಪ್ಪಂದ ಒಂದೇ ಮಾತಿನದು: ಎಲ್ಲವೂ ಮೂರು ಸಮಪಾಲು. ಬಾಡಿಗೆಗೆ ತಲಾ 5,000, ಇಂಟರ್‌ನೆಟ್‌ಗೆ ತಲಾ 314 ಮತ್ತು ಚಿಲ್ಲರೆ, ಮುಂಗಡಕ್ಕೆ ತಲಾ 30,000.

ಈ ಒಪ್ಪಂದ ಎರಡು ತಿಂಗಳು ಬಾಳಿತು. ನಾನು ತಿಂಗಳಿಗೆ 24 ದಿನ ಬರುತ್ತಿದ್ದೆ. ಸಂಕಲನಕಾರ 26 ದಿನ, ಅದೂ ಬಹುಪಾಲು ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ಇರುತ್ತಿದ್ದ. ಮೇಡಂ ಮಾತ್ರ ಮನೆಯಲ್ಲಿ ಮಕ್ಕಳ ಗಲಾಟೆ ಹೆಚ್ಚಿರುವ ದಿನಗಳ ಸಂಜೆ ತರಗತಿಗಳಿಗೆಂದು ಹತ್ತು ದಿನ ಬರುತ್ತಿದ್ದರು. ಫೆಬ್ರುವರಿ ಕೊನೆಯಲ್ಲಿ ಅವರು ಸಂಕೋಚದಿಂದಲೇ ವಿಷಯ ತೆಗೆದರು. "ನೋಡಿ, ಹತ್ತು ದಿನಕ್ಕೆ ಐದು ಸಾವಿರ ಅಂದ್ರೆ ದಿನಕ್ಕೆ ಐನೂರು ಬೀಳುತ್ತೆ. ಹೊರಗಡೆ ದಿನದ ಪಾಸು ಮುನ್ನೂರೈವತ್ತಕ್ಕೆ ಸಿಗುತ್ತಲ್ಲ?" ಎಂದರು. ಹತ್ತಿರದ ಒಂದು ಹಂಚಿಕೆಯ ಕಚೇರಿಯಲ್ಲಿ ನಾನೂ ವಿಚಾರಿಸಿದ್ದೆ. ದಿನಕ್ಕೆ 350 ಎಂಬುದು ನಿಜವಾಗಿತ್ತು. ಆ ಮಾತಿಗೆ ನಮ್ಮಿಬ್ಬರಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಮಾರ್ಚ್‌ನಿಂದ ಬಂದ ದಿನಗಳ ಲೆಕ್ಕದಲ್ಲಿ ಬಾಡಿಗೆ ಹಂಚುವುದೆಂದಾಯಿತು. ಹಾಜರಿ ಪಟ್ಟಿಯೊಂದನ್ನು ತೆರೆದೆವು. ಮಾರ್ಚ್‌ನಲ್ಲಿ 24, 26 ಮತ್ತು 10 ಸೇರಿ 60 ದಿನ. 15,000ವನ್ನು 60ರಿಂದ ಭಾಗಿಸಿದರೆ ದಿನಕ್ಕೆ 250. ನನ್ನ ಪಾಲು 6,000, ಸಂಕಲನಕಾರನದು 6,500, ಮೇಡಂ ಅವರದು 2,500. ಇಷ್ಟು ಅಚ್ಚುಕಟ್ಟಾಗಿ ಭಾಗವಾದ ಲೆಕ್ಕ ತಪ್ಪಿರಲಾರದು ಎಂದು ನಮಗೆ ಅನ್ನಿಸಿತು.

ಏಪ್ರಿಲ್‌ನಲ್ಲಿ ಅದರ ಬಣ್ಣ ಬಯಲಾಯಿತು. ಮದುವೆಗಳ ಕಾಲವಾದ್ದರಿಂದ ಸಂಕಲನಕಾರ ಚಿತ್ರೀಕರಣದ ತಂಡದ ಜೊತೆ ಹಾಸನ, ಮಡಿಕೇರಿ ಎಂದು ಸುತ್ತಿ, ಕೋಣೆಗೆ ಬಂದದ್ದು ಹತ್ತೇ ದಿನ. ಮೇಡಂ ಮತ್ತು ನಾನು ಹಿಂದಿನಂತೆಯೇ ಬಂದಿದ್ದೆವು. ಒಟ್ಟು ದಿನಗಳು 44ಕ್ಕೆ ಇಳಿದು, ದಿನದ ದರ ಸುಮಾರು 341ಕ್ಕೆ ಏರಿತು. ನನ್ನ ಪಾಲು 8,182 ರೂಪಾಯಿ ಆಯಿತು. ಮೇಡಂ ಅವರ ಪಾಲು 3,409ಕ್ಕೆ ಏರಿತು, ಸಂಕಲನಕಾರನದು ಅದೇ 3,409ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ ಎಷ್ಟು ದಿನ ಬಂದಿದ್ದೆನೋ ಅಷ್ಟೇ ದಿನ ಬಂದ ನಾನು 2,182 ರೂಪಾಯಿ ಹೆಚ್ಚು ಕೊಡಬೇಕಾಗಿತ್ತು. ಅತ್ತ ಅವನ ಎರಡು ಪರದೆಗಳೂ ಹಾರ್ಡ್ ಡಿಸ್ಕುಗಳ ಪೆಟ್ಟಿಗೆಗಳೂ ಬೆಳಕಿನ ಸ್ಟ್ಯಾಂಡುಗಳೂ ಇಡೀ ತಿಂಗಳು ಕೋಣೆಯ ಮೂರನೇ ಒಂದು ಭಾಗದಲ್ಲಿ ಹಾಯಾಗಿ ಮಲಗಿದ್ದವು. ಅವನು ಬಾರದ ದಿನಗಳಲ್ಲೂ ಅವನ ಜಾಗ ಅವನದೇ ಆಗಿತ್ತು, ಅದರ ಬಾಡಿಗೆ ಮಾತ್ರ ನಮ್ಮ ಮೇಲೆ ಬಿದ್ದಿತ್ತು.

ಹಾಜರಿಯ ಲೆಕ್ಕದಲ್ಲಿ ಇನ್ನೊಂದು ಕಿರಿಕಿರಿಯೂ ಇತ್ತು. ಮರೆತ ಪುಸ್ತಕ ತೆಗೆದುಕೊಂಡು ಹೋಗಲು ಹತ್ತು ನಿಮಿಷ ಬಂದರೆ ಅದು ಒಂದು ದಿನವೇ, ಅರ್ಧ ದಿನವೇ? ಮಧ್ಯರಾತ್ರಿ ದಾಟಿ ಒಂದು ಗಂಟೆಯವರೆಗೆ ಕುಳಿತರೆ ಎರಡು ದಿನವೇ? ಇಂಥ ಪ್ರಶ್ನೆಗಳನ್ನು ನಾವು ನಿಜವಾಗಿಯೂ ಗಂಭೀರ ಮುಖ ಮಾಡಿಕೊಂಡು ಚರ್ಚಿಸಿದೆವು. ಅದಕ್ಕಿಂತ ಕೆಟ್ಟದ್ದೆಂದರೆ, ತಿಂಗಳ ಕೊನೆಯ ವಾರ ನಾನೇ 'ಇವತ್ತು ಹೋಗದಿದ್ದರೆ ಒಂದು ದಿನದ ದುಡ್ಡು ಉಳಿಯುತ್ತದೆ' ಎಂದು ಮನೆಯಲ್ಲಿ ಉಳಿಯತೊಡಗಿದೆ. ಯಾರು ಉಳಿದುಕೊಂಡರೂ ಮಾಲೀಕರಿಗೆ ಸಲ್ಲಬೇಕಾದ 15,000 ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಒಬ್ಬರು ಉಳಿಸಿದ್ದು ಉಳಿದಿಬ್ಬರ ತಲೆಗೆ ಬರುತ್ತದೆ, ಅಷ್ಟೆ.

ಮೇ ಮೊದಲ ಭಾನುವಾರ ಮೂವರೂ ಕಾಗದ ಹಿಡಿದು ಕುಳಿತೆವು. ಅಂದು ನಮಗೆ ದಾರಿ ತೋರಿದ್ದು ಎರಡು ಪ್ರಶ್ನೆಗಳು. ಮೊದಲನೆಯದು ಮೇಡಂ ಅವರು ಹಿಂದೆಯೇ ಕೇಳಿದ್ದ ಪ್ರಶ್ನೆ: ನಾನು ಇಲ್ಲಿಲ್ಲದೆ ಹೊರಗೆ ಹೋದರೆ ನನಗೆ ಎಷ್ಟು ಖರ್ಚು? ಹತ್ತು ದಿನಕ್ಕೆ 350ರಂತೆ 3,500. ಇದು ಅವರ ಪಾಲಿನ ಮೇಲಿನ ಗೆರೆ. ಇದಕ್ಕಿಂತ ಹೆಚ್ಚು ಕೇಳಿದರೆ ಅವರು ನಮ್ಮ ಜೊತೆ ಇರಲು ಕಾರಣವೇ ಇಲ್ಲ. ಎರಡನೆಯ ಪ್ರಶ್ನೆಯನ್ನು ನಾನು ಕೇಳಿದೆ: ಮೇಡಂ ಇಲ್ಲದಿದ್ದರೆ ನಾವಿಬ್ಬರು ಎಷ್ಟು ಕೊಡುತ್ತಿದ್ದೆವು? ಇದೇ ಮಹಡಿಯಲ್ಲಿ ಎದುರಿಗೆ ಇನ್ನೊಂದು ಸಣ್ಣ ಕೋಣೆ ಆಗ 12,000ಕ್ಕೆ ಖಾಲಿ ಇತ್ತು, ನಮ್ಮಿಬ್ಬರಿಗೆ ಅದು ಸಾಕಾಗುತ್ತಿತ್ತು. ಅಂದರೆ ಮೂರನೆಯವರಿಗಾಗಿ ನಾವು ದೊಡ್ಡ ಕೋಣೆ ಹಿಡಿದದ್ದರಿಂದ ಹೆಚ್ಚಾದ ಬಾಡಿಗೆ 3,000. ಇದು ಅವರ ಪಾಲಿನ ಕೆಳಗಿನ ಗೆರೆ. ಇದಕ್ಕಿಂತ ಕಡಿಮೆ ಕೊಟ್ಟರೆ ಅವರನ್ನು ಜೊತೆಗಿಟ್ಟುಕೊಂಡದ್ದರಿಂದ ನಮಗೆ ನಷ್ಟ.

ಈ ಎರಡು ಗೆರೆಗಳನ್ನು ಎಳೆದ ಕೂಡಲೇ ನಮ್ಮ ಹಳೆಯ ಎರಡು ಲೆಕ್ಕಗಳೂ ಏಕೆ ಮುರಿದವು ಎಂಬುದು ಕಣ್ಣಿಗೆ ಕಂಡಿತು. ಸಮಪಾಲಿನ 5,000 ಮೇಲಿನ ಗೆರೆಯನ್ನು ದಾಟಿತ್ತು, ದಿನದ ಲೆಕ್ಕದ 2,500 ಕೆಳಗಿನ ಗೆರೆಗೂ ತಲುಪಿರಲಿಲ್ಲ. ಸರಿಯಾದ ಮೊತ್ತ ಯಾವುದೇ ಇರಲಿ, ಅದು 3,000 ಮತ್ತು 3,500ರ ನಡುವೆಯೇ ಇರಬೇಕು. ಎರಡು ತಿಂಗಳ ಮುನಿಸೆಲ್ಲ ಐನೂರು ರೂಪಾಯಿಯ ಅಂತರಕ್ಕೆ ಇಳಿದಾಗ ಮಾತು ತಾನಾಗಿಯೇ ಹಗುರವಾಯಿತು.

ಉಳಿದದ್ದನ್ನು ಅಳತೆಯಿಂದ ಮಾಡಿದೆವು. ಟೇಪು ಹಿಡಿದು ನೆಲ ಅಳೆದೆವು. ಸಂಕಲನಕಾರನ ಮೇಜು, ಕಪಾಟು, ಸಾಮಾನು ಸೇರಿ 72 ಚದರ ಅಡಿ. ನನ್ನ ಮೇಜು ಮತ್ತು ಪುಸ್ತಕದ ಬೀರು 48. ಗೋಡೆಗೆ ಒತ್ತಿಕೊಂಡ ಮೇಡಂ ಅವರ ಚಿಕ್ಕ ಮೇಜು 24. ಒಟ್ಟು 240ರಲ್ಲಿ ಉಳಿದ 96 ಚದರ ಅಡಿ ಓಡಾಡುವ ಜಾಗ, ನೀರಿನ ಕ್ಯಾನು ಮತ್ತು ಬಂದವರು ಕೂರುವ ಎರಡು ಕುರ್ಚಿಗಳದು. ಚದರ ಅಡಿಗೆ 62 ರೂಪಾಯಿ 50 ಪೈಸೆಯಂತೆ ಸ್ವಂತ ಜಾಗಗಳ ಬಾಡಿಗೆ ಅವನಿಗೆ 4,500, ನನಗೆ 3,000, ಮೇಡಂ ಅವರಿಗೆ 1,500. ಸಾಮಾನ್ಯ ಜಾಗದ ಪಾಲು 6,000.

ತಕರಾರು ಬಂದದ್ದು ಈ 6,000ದ ಮೇಲೆ. ಇದನ್ನು ಮೂರು ಸಮಪಾಲು ಮಾಡಿದರೆ ಮೇಡಂ ಅವರ ಒಟ್ಟು ಪಾಲು ಸರಿಯಾಗಿ 3,500, ಅಂದರೆ ಮೇಲಿನ ಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ. "ಹೊರಗೆ ಹೋದ್ರೂ ಅಷ್ಟೇ, ಇಲ್ಲಿದ್ರೂ ಅಷ್ಟೇ ಆಯ್ತಲ್ಲ" ಎಂದರು ಅವರು. ಅರ್ಧವನ್ನು ಸಮನಾಗಿ, ಇನ್ನರ್ಧವನ್ನು ದಿನಗಳ ಪ್ರಮಾಣದಲ್ಲಿ ಹಂಚಿದರೆ ನನ್ನ ಪಾಲು 5,200, ಸಂಕಲನಕಾರನದು 6,800, ಮೇಡಂ ಅವರದು 3,000, ಅಂದರೆ ಕೆಳಗಿನ ಗೆರೆಯ ಮೇಲೆ. ಈಗ ಲಾಭವೆಲ್ಲ ಅವರಿಗೆ, ನಮಗೇನೂ ಇಲ್ಲ. ಕೊನೆಗೆ ಎರಡೂ ಕ್ರಮಗಳ ಸರಾಸರಿ ತೆಗೆದುಕೊಂಡೆವು: ನನಗೆ 5,100, ಸಂಕಲನಕಾರನಿಗೆ 6,650, ಮೇಡಂ ಅವರಿಗೆ 3,250. ಈ ಸರಾಸರಿಗೆ ಶಾಸ್ತ್ರದ ಆಧಾರವೇನೂ ಇಲ್ಲ, ಶುದ್ಧ ಚೌಕಾಸಿ. ಆದರೆ ಎರಡು ಗೆರೆಗಳ ಪರೀಕ್ಷೆಯಲ್ಲಿ ಅದು ಗೆಲ್ಲುತ್ತದೆ. ಮೇಡಂ ಅವರಿಗೆ ಹೊರಗಿಗಿಂತ 250 ಕಡಿಮೆ. ನಾವಿಬ್ಬರು ಸೇರಿ ಕೊಡುವ 11,750 ಎದುರಿನ ಕೋಣೆಯ 12,000ಕ್ಕಿಂತ 250 ಕಡಿಮೆ.

ಇಲ್ಲಿ ದಿನಗಳು ಎಂದರೆ ಬಂದ ದಿನಗಳಲ್ಲ, ಮೂರು ತಿಂಗಳಿಗೊಮ್ಮೆ ಮೊದಲೇ ಹೇಳಿಕೊಂಡ ದಿನಗಳು. ಹೇಳಿದ ಮೇಲೆ ಬಂದರೂ ಸರಿ, ಬಿಟ್ಟರೂ ಸರಿ. ಹಾಜರಿ ಪಟ್ಟಿಯನ್ನು ಅಂದೇ ಅಳಿಸಿದೆವು. ಸಂಕಲನಕಾರ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಏಪ್ರಿಲ್‌ನಂಥ ತಿಂಗಳಲ್ಲೂ ಪೂರ್ತಿ ಕೊಡಬೇಕೆಂಬುದು ಅವನಿಗೆ ಕಹಿಯಾಗಿತ್ತು. ಕೊನೆಗೆ, ಅವನು ಊರಿನಲ್ಲಿಲ್ಲದಾಗ ತನ್ನ ಪರಿಚಯದವರಿಗೆ ಮೇಜನ್ನು ದಿನದ ಲೆಕ್ಕದಲ್ಲಿ ಬಿಟ್ಟುಕೊಡಬಹುದು, ನಮ್ಮಿಬ್ಬರಿಗೂ ಅವರು ಒಪ್ಪಿಗೆಯಾದರೆ ಆ ಹಣ ಅವನಿಗೇ ಎಂದು ಸೇರಿಸಿದ ಮೇಲೆ ತಲೆಯಾಡಿಸಿದ.

ಮುಂಗಡವನ್ನೂ ಇದೇ ಪ್ರಮಾಣಕ್ಕೆ ತಂದೆವು. ಆರು ತಿಂಗಳ ಬಾಡಿಗೆಯಾದ್ದರಿಂದ ನನ್ನದು 30,600, ಅವನದು 39,900, ಮೇಡಂ ಅವರದು 19,500. ಆಗಲೇ ತಲಾ 30,000 ಕೊಟ್ಟಾಗಿದ್ದುದರಿಂದ ನಾನು 600 ಮತ್ತು ಅವನು 9,900 ಮೇಡಂ ಅವರಿಗೆ ಹಿಂದಿರುಗಿಸಿದೆವು. ನಮ್ಮ ಕಡೆ ಕೋಣೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯಿದೆ. ಆ ಕಡಿತವೂ ಈ ಪ್ರಮಾಣದಲ್ಲೇ ಬೀಳುವುದರಿಂದ ಮುಂಗಡವನ್ನು ಸಮಪಾಲಿನಲ್ಲಿ ಬಿಟ್ಟಿದ್ದರೆ ಕೊನೆಯ ದಿನ ಹೊಸ ಜಗಳವೊಂದು ಕಾದಿರುತ್ತಿತ್ತು.

ಕರಾರು ಪತ್ರದ ವಿಷಯದಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಎಲ್ಲರೂ ಮಾಡುವಂತೆ ನಮ್ಮದೂ 11 ತಿಂಗಳ ಕರಾರು, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ಒಬ್ಬರ ಹೆಸರಿನಲ್ಲಿ ಮಾಡದೆ ಮೂವರ ಹೆಸರಿನಲ್ಲೂ ಮಾಡಿಸಿದ್ದು ಒಳ್ಳೆಯದಾಯಿತು. ಸಂಕಲನಕಾರ ಮಾತ್ರ ಜಿಎಸ್‌ಟಿ ನೋಂದಣಿ ಮಾಡಿಸಿದವನು, ಮಾಲೀಕರು ಮಾಡಿಸಿಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ನೋಂದಣಿ ಇರುವವರು ವಾಣಿಜ್ಯ ಜಾಗ ಬಾಡಿಗೆಗೆ ಪಡೆದರೆ ಶೇಕಡ 18ರ ತೆರಿಗೆಯನ್ನು ಬಾಡಿಗೆದಾರರೇ ಸರ್ಕಾರಕ್ಕೆ ಕಟ್ಟಬೇಕು. ಇಡೀ ಕರಾರು ಅವನ ಹೆಸರಿನಲ್ಲಿದ್ದಿದ್ದರೆ ತಿಂಗಳಿಗೆ 2,700 ಅವನ ಕೈಯಿಂದ ಹೋಗುತ್ತಿತ್ತು. ಅವನ ಲೆಕ್ಕಪರಿಶೋಧಕರ ಸಲಹೆಯಂತೆ ಕರಾರಿನಲ್ಲಿ ಮೂವರ ಪಾಲುಗಳನ್ನೂ ಬರೆಸಿ, ತನ್ನ ಪಾಲಿನ 6,650ರ ಮೇಲಿನ ತೆರಿಗೆಯನ್ನು ಅವನೇ ಕಟ್ಟಿ, ತನ್ನ ಗ್ರಾಹಕರಿಂದ ಪಡೆದ ತೆರಿಗೆಗೆ ಅದನ್ನು ವಜಾ ಹಾಕಿಕೊಳ್ಳುತ್ತಾನೆ. ನಮ್ಮ ಹಂಚಿಕೆಯಲ್ಲಿ ಆ ಲೆಕ್ಕ ಬರುವುದೇ ಇಲ್ಲ.

ಬಾಡಿಗೆ ಮುಗಿಯಿತು, ಇಂಟರ್‌ನೆಟ್ ಯಾವ ಮಹಾ ಎಂದುಕೊಂಡಿದ್ದೆವು. 15,000ದ ಮುಂದೆ 943 ರೂಪಾಯಿ ಏನೂ ಅಲ್ಲ. ಆದರೆ ನಾವು ಗಟ್ಟಿಯಾಗಿ ದನಿ ಎತ್ತಿ ಮಾತಾಡಿದ್ದು ಈ 943ರ ಮೇಲೆಯೇ.

ಶುರುಮಾಡಿದವನು ನಾನು. ಬಳಸಿದಷ್ಟಕ್ಕೆ ಕೊಡಬೇಕು ಎಂಬುದು ಇಲ್ಲಿಯಾದರೂ ಸರಿಯಲ್ಲವೇ ಎಂದು ವಾದಿಸಿದೆ. ಅಳೆಯಲು ಮೊದಲು ರೌಟರ್‌ನ ಪಟ್ಟಿಯನ್ನೇ ನಂಬಿದೆ. ಅದರಲ್ಲಿ ಹೆಸರಿಲ್ಲದ ಸಾಧನಗಳು ಏಳೆಂಟು ಕಂಡವು. ಈಗಿನ ಫೋನುಗಳು ಗೋಪ್ಯತೆಗಾಗಿ ತಮ್ಮ ನಿಜವಾದ ಯಂತ್ರ ವಿಳಾಸದ ಬದಲು ಕಲ್ಪಿತ ವಿಳಾಸ ತೋರಿಸುವುದರಿಂದ, ಸಂಪರ್ಕವನ್ನು ಅಳಿಸಿ ಮತ್ತೆ ಜೋಡಿಸಿದರೆ ಒಂದೇ ಫೋನು ಎರಡಾಗಿ ಕಾಣಿಸಬಹುದು. ಆಮೇಲೆ ಮೂವರೂ ತಮ್ಮ ತಮ್ಮ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ `Data usage` ಪುಟ ತೆರೆದು ಹಿಂದಿನ 30 ದಿನಗಳ ಅಂಕಿ ಬರೆದುಕೊಂಡೆವು. ಸಂಕಲನಕಾರ 1,450 ಜಿಬಿ, ನಾನು 90, ಮೇಡಂ 60. ಈ ಪ್ರಮಾಣದಲ್ಲಿ 943ನ್ನು ಹಂಚಿದರೆ ಅವನಿಗೆ 855, ನನಗೆ 53, ಮೇಡಂ ಅವರಿಗೆ 35.

ಅವನು ಕಾಗದ ನೋಡಿ ಕೇಳಿದ: "ಸರ್, ನಾನು ಇಲ್ಲಿ ಇಲ್ದೇ ಇದ್ದಿದ್ರೆ ಬಿಲ್ಲು ಎಷ್ಟು ಬರ್ತಿತ್ತು?" ಅಷ್ಟೇ ಬರುತ್ತಿತ್ತು, 943. ನಮ್ಮ ಸಂಪರ್ಕದ ಮಿತಿ ತಿಂಗಳಿಗೆ 3,300 ಜಿಬಿ, ಅದರೊಳಗೆ ಎಷ್ಟು ಬಳಸಿದರೂ ದರ ಒಂದೇ. ಮೂವರೂ ಸೇರಿ ಅದರ ಅರ್ಧದ ಆಸುಪಾಸಿನಲ್ಲಿದ್ದೆವು. ಅವನ 1,450 ಜಿಬಿಯಿಂದ ಯಾರಿಗೂ ಒಂದು ಪೈಸೆಯ ಖರ್ಚೂ ಹೆಚ್ಚಾಗಿರಲಿಲ್ಲ. ಖರ್ಚನ್ನೇ ಉಂಟುಮಾಡದ ಅಂಕಿಯನ್ನು ಹಿಡಿದು ಖರ್ಚನ್ನು ಹಂಚಲು ಹೊರಟಿದ್ದೆ ನಾನು. ಬಾಡಿಗೆಯಲ್ಲಿ ಹಾಜರಿ ಮಾಡಿದ ಅನ್ಯಾಯ ನನ್ನ ಮೇಲೆ ಬಿದ್ದಾಗ ಬೇಗ ಕಂಡಿತ್ತು. ಅದೇ ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸುವಾಗ ಕಾಣಲಿಲ್ಲ ಎಂದು ಒಪ್ಪಿಕೊಳ್ಳಬೇಕು. 943 ಮತ್ತೆ ಸಮಪಾಲಿಗೆ ಮರಳಿತು.

ಆದರೆ ಮೇಡಂ ಅವರಿಗೆ ಬೇರೊಂದು ದೂರಿತ್ತು. ಸಂಜೆ ಆರರಿಂದ ಎಂಟರವರೆಗಿನ ತರಗತಿಗಳಲ್ಲಿ ಅವರ ದನಿ ತುಂಡುತುಂಡಾಗುತ್ತಿತ್ತು. ಭಾಷೆ ಕಲಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ಉಚ್ಚಾರಣೆ ಹೇಳಿಕೊಡುವಾಗ ಅರ್ಧ ಅಕ್ಷರ ನುಂಗಿಹೋದರೆ ಪಾಠವೇ ಕೆಟ್ಟಿತು. ಎಲ್ಲರಿಗಿಂತ ಕಡಿಮೆ ಬಳಸುವವರಿಗೆ ಎಲ್ಲರಿಗಿಂತ ಹೆಚ್ಚು ತೊಂದರೆ. ಸಂಕಲನಕಾರನ ಪರಿಹಾರ ಸಿದ್ಧವಾಗಿತ್ತು: 300 Mbps ಸಂಪರ್ಕಕ್ಕೆ ಏರೋಣ. ಅದರ ದರ 1,499, ತೆರಿಗೆ ಸೇರಿ 1,769. ಹೆಚ್ಚಾಗುವ 826ನ್ನು ಎಲ್ಲರೂ ಹಂಚಿಕೊಳ್ಳೋಣ, ಲಾಭ ಎಲ್ಲರಿಗೂ ಅಲ್ಲವೇ ಎಂದ. ಮೇಡಂ ಕೂಡ ತರಗತಿ ಸರಿಹೋದರೆ ಸಾಕೆಂದು ಒಪ್ಪಿದರು.

ಜೂನ್‌ನಲ್ಲಿ ಏರಿದೆವು. ಮೊದಲ ವಾರ ವೇಗ 95ರ ಮೇಲೆ ಹೋಗಲೇ ಇಲ್ಲ. ಸಂಪರ್ಕ ಕೊಟ್ಟವರನ್ನು ದೂರಿದ್ದಾಯಿತು. ಕಡೆಗೆ ನೋಡಿದರೆ ಸಂಕಲನಕಾರನ ಕಂಪ್ಯೂಟರಿನಲ್ಲಿ `Link speed` ಎಂಬಲ್ಲಿ 100/100 ಎಂದಿತ್ತು. ರೌಟರ್‌ನಿಂದ ಅವನ ಮೇಜಿಗೆ ಎಳೆದಿದ್ದ ಹಳೆಯ ಕೇಬಲ್‌ನಲ್ಲಿ ಎಂಟು ತಂತಿಗಳ ಪೈಕಿ ನಾಲ್ಕನ್ನು ಮಾತ್ರ ಜೋಡಿಸಲಾಗಿತ್ತು. ಅಂಥ ಕೇಬಲ್ 100ಕ್ಕಿಂತ ಮೇಲೆ ಸಾಗಿಸಲಾರದು. ಹೊಸ ಕೇಬಲ್ ಹಾಕಿದ ಮೇಲೆ 1000/1000 ಎಂದು ಬಂತು. ಅವನ 60 ಜಿಬಿಯ ಕಡತವೊಂದು ಏರಲು ಮೊದಲು ಸುಮಾರು 80 ನಿಮಿಷ ಹಿಡಿಯುತ್ತಿದ್ದುದು 27 ನಿಮಿಷಕ್ಕೆ ಇಳಿಯಿತು. ಅವನಿಗೆ ಬಲು ಸಂತೋಷವಾಯಿತು. ಮೇಡಂ ಅವರ ದನಿ ಮಾತ್ರ ಆ 27 ನಿಮಿಷಗಳಲ್ಲಿ ಹಿಂದಿನಂತೆಯೇ ತುಂಡಾಗುತ್ತಿತ್ತು.

ಆಗ ನಾನು ಪರೀಕ್ಷೆ ಮಾಡಿದೆ. ಅವನು ಕಡತ ಏರಿಸುವ ಮೊದಲೂ ಏರಿಸುವಾಗಲೂ ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಹೊರಗಿನ ಒಂದು ಸರ್ವರ್‌ಗೆ ಸಣ್ಣ ಸಂದೇಶ ಕಳಿಸುತ್ತಲೇ ಇದ್ದು ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ಈ ಆದೇಶವನ್ನು ಓಡಲು ಬಿಟ್ಟೆ:

```
ping -t 8.8.8.8
```

ಇಂಟರ್‌ನೆಟ್ ಸಾಲು ಸುಮ್ಮನಿದ್ದಾಗ ಉತ್ತರ 9 ಮಿಲಿಸೆಕೆಂಡಿನಲ್ಲಿ ಬರುತ್ತಿತ್ತು. ಅವನು ಏರಿಸಲು ತೊಡಗಿದ ಕೆಲವೇ ಕ್ಷಣಗಳಲ್ಲಿ 200 ದಾಟಿ, ನಡುನಡುವೆ 380 ಮುಟ್ಟಿತು. ನಿಲ್ಲಿಸಿದೊಡನೆ ಮತ್ತೆ 9. ಕಾರಣ ವೇಗದ ಕೊರತೆಯಲ್ಲ, ಸರತಿ. ಸಾಲು ಎಷ್ಟೇ ಅಗಲವಾಗಿರಲಿ, ಕಡತ ಏರಿಸುವ ತಂತ್ರಾಂಶ ಅದನ್ನು ತುಂಬುವವರೆಗೆ ಬಿಡುವುದಿಲ್ಲ. ತುಂಬಿದ ಮೇಲೆ ಬಂದದ್ದನ್ನೆಲ್ಲ ರೌಟರ್ ಸರತಿಯಲ್ಲಿ ನಿಲ್ಲಿಸುತ್ತದೆ. ಒಂದು ಬೆಂಕಿಪೊಟ್ಟಣ ಕೊಳ್ಳಲು ಬಂದವನು ಮದುವೆ ಮನೆಯ ಜಿನಸಿ ಪಟ್ಟಿ ಹಿಡಿದವನ ಹಿಂದೆ ನಿಂತಂತೆ, ಮೇಡಂ ಅವರ ದನಿಯ ಸಣ್ಣ ಪೊಟ್ಟಣಗಳು ಅವನ ವಿಡಿಯೊದ ಹಿಂದೆ ಕಾಯುತ್ತಿದ್ದವು. ಅಂಗಡಿ ದೊಡ್ಡದಾದರೆ ಪಟ್ಟಿ ಬೇಗ ಮುಗಿದೀತು, ಆದರೆ ಮುಗಿಯುವವರೆಗೆ ಕಾಯುವುದು ತಪ್ಪುವುದಿಲ್ಲ.

ಪರಿಹಾರಕ್ಕೆ ಖರ್ಚು ಬೀಳಲಿಲ್ಲ. ನಮ್ಮ ರೌಟರ್‌ನಲ್ಲಿ ಒಂದೊಂದು ಸಾಧನಕ್ಕೆ ವೇಗದ ಮಿತಿ ಹಾಕುವ ಸೌಲಭ್ಯವಿತ್ತು. ಸಂಕಲನಕಾರನ ಕಂಪ್ಯೂಟರಿಗೆ ಏರಿಸುವ ವೇಗವನ್ನು 300ರ ಬದಲು 240ಕ್ಕೆ ಕಟ್ಟಿದೆ. ಸಾಲು ಪೂರ್ತಿ ತುಂಬದೆ ಇದ್ದುದರಿಂದ ಸರತಿಯೂ ಬೆಳೆಯಲಿಲ್ಲ, ಉತ್ತರದ ಸಮಯ 25 ದಾಟಲಿಲ್ಲ. ಅವನ ಕಡತಕ್ಕೆ ಆರೇಳು ನಿಮಿಷ ಹೆಚ್ಚು ಹಿಡಿಯಿತು. ಕುತೂಹಲಕ್ಕೆಂದು ಮಿತಿಯನ್ನು 80ಕ್ಕೆ ಇಳಿಸಿಯೂ ನೋಡಿದೆ. ಮೇಡಂ ಅವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅಂದರೆ ಹಳೆಯ 100 Mbps ಸಂಪರ್ಕದಲ್ಲೇ ಮಿತಿ ಹಾಕಿದ್ದರೆ ಅವರ ತೊಂದರೆ ತೀರುತ್ತಿತ್ತು, 826 ರೂಪಾಯಿಗೂ ಅವರ ತರಗತಿಗೂ ಸಂಬಂಧವೇ ಇರಲಿಲ್ಲ.

ಹೀಗಾಗಿ ಆ 826 ಯಾರದೆಂಬ ಪ್ರಶ್ನೆ ಮತ್ತೆ ಎದ್ದಿತು. ಲಾಭ ಎಲ್ಲರಿಗೂ ಎಂಬ ವಾದವನ್ನು ಸಂಕಲನಕಾರ ಬಿಡಲಿಲ್ಲ. ನಾನು ಕೇಳಿದ್ದು ಇಷ್ಟೇ: ಅವನಿಲ್ಲದಿದ್ದರೆ ಮೇಡಂ ಮತ್ತು ನಾನು ಸ್ವಂತ ದುಡ್ಡು ಕೊಟ್ಟು 300ಕ್ಕೆ ಹೋಗುತ್ತಿದ್ದೆವೇ? ಪುಕ್ಕಟೆ ಸಿಕ್ಕರೆ ಯಾರೂ ಬೇಡವೆನ್ನುವುದಿಲ್ಲ, ಆದರೆ ನಮಗೆ 100 ಸಾಕಾಗಿ ಮಿಕ್ಕಿತ್ತು. ಈ ಬಗೆಯ ಹಂಚಿಕೆಗೆ ಅರ್ಥಶಾಸ್ತ್ರದಲ್ಲಿ ಹಳೆಯ ಉದಾಹರಣೆಯೊಂದಿದೆ ಎಂದು ಆಮೇಲೆ ಓದಿ ತಿಳಿದೆ. ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಸಣ್ಣ ವಿಮಾನಕ್ಕೆ ಬೇಕಾಗುವಷ್ಟು ಉದ್ದದ ಖರ್ಚನ್ನು ಎಲ್ಲ ವಿಮಾನಗಳೂ ಸಮನಾಗಿ ಹೊರಬೇಕು, ಅದಕ್ಕಿಂತ ಮುಂದಿನ ಉದ್ದವನ್ನು ಅದು ಬೇಕಾದ ದೊಡ್ಡ ವಿಮಾನಗಳು ಮಾತ್ರ ಹೊರಬೇಕು. ಲಾಯ್ಡ್ ಶ್ಯಾಪ್ಲಿ 1953ರಲ್ಲಿ ಮುಂದಿಟ್ಟ ಹಂಚಿಕೆಯ ಸೂತ್ರ ಈ ಸಂದರ್ಭದಲ್ಲಿ ಇಷ್ಟು ಸರಳವಾಗುತ್ತದೆ ಎಂದು ಲಿಟಲ್‌ಚೈಲ್ಡ್ ಮತ್ತು ಓವೆನ್ ಎಂಬುವರು 1973ರಲ್ಲಿ ತೋರಿಸಿದ್ದರು. ನಮ್ಮ ಕೋಣೆಯಲ್ಲಿ ದೊಡ್ಡ ವಿಮಾನ ಒಂದೇ. ಹಾಗಾಗಿ 943ರಲ್ಲಿ ಮೇಡಂ ಅವರದೂ ನನ್ನದೂ ತಲಾ 314, ಉಳಿದ 315 ಮತ್ತು ಮೇಲಿನ 826 ಸೇರಿ ಸಂಕಲನಕಾರನದು 1,141. ಬೇಡವೆನಿಸಿದ ದಿನ ಹಳೆಯ ಸಂಪರ್ಕಕ್ಕೆ ಇಳಿಯುವ ಹಕ್ಕೂ ಅವನದೇ. ಒಂದು ವಾರ ಯೋಚಿಸಿ, ಉಳಿಯುವ ಸಮಯಕ್ಕೆ ಅಷ್ಟು ಬೆಲೆಯಿದೆ ಎಂದು ಅದನ್ನೇ ಇಟ್ಟುಕೊಂಡ. ಜೂನ್‌ನಲ್ಲಿ ಮೇಡಂ ಕೊಟ್ಟಿದ್ದ 275ನ್ನೂ ತಾನಾಗಿಯೇ ಹಿಂದಿರುಗಿಸಿದ. ನನ್ನ 275ರ ಬಗ್ಗೆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಮಿತಿಯ ವಿಷಯದಲ್ಲೂ ಒಂದು ಕರಾರು ಮಾಡಿಕೊಂಡೆವು. 1,141 ಕೊಡುವವನಿಗೆ ಹಗಲಿರುಳೂ ಮಿತಿ ಹಾಕುವುದು ಸರಿಯಲ್ಲ. ಆದ್ದರಿಂದ ಮಿತಿ ಇರುವುದು ಸಂಜೆ ಆರರಿಂದ ಎಂಟರವರೆಗೆ ಮಾತ್ರ, ಉಳಿದ ಹೊತ್ತು ಪೂರ್ತಿ ಸಾಲು ಅವನದು. ತಿಂಗಳ ಒಟ್ಟು ಬಳಕೆ ಎಂದಾದರೂ 3,300 ಜಿಬಿ ದಾಟಿ ಹೆಚ್ಚಿನ ಹಣ ಕೊಡಬೇಕಾಗಿ ಬಂದರೆ, ಆಗ ಜಿಬಿ ಲೆಕ್ಕ ಮತ್ತೆ ಹೊರಬರುತ್ತದೆ ಎಂದೂ ಬರೆದಿಟ್ಟಿದ್ದೇವೆ. ಇದುವರೆಗೆ ಆ ಸಂದರ್ಭ ಬಂದಿಲ್ಲ.

ಈಗ ಪ್ರತಿ ತಿಂಗಳು 3ನೇ ತಾರೀಖಿನೊಳಗೆ ಇಬ್ಬರೂ ಯುಪಿಐ ಮೂಲಕ ತಮ್ಮ ಪಾಲನ್ನು ನನಗೆ ಕಳುಹಿಸುತ್ತಾರೆ, 5ರಂದು ನಾನು ಮಾಲೀಕರಿಗೆ ಕೊಡುತ್ತೇನೆ. ಹನ್ನೊಂದು ತಿಂಗಳು ಮುಗಿದು ಬಾಡಿಗೆ ಶೇಕಡ 5 ಏರಿದಾಗ ಮೂವರ ಪಾಲನ್ನೂ ಶೇಕಡ 5 ಏರಿಸಿದೆವು, ಹೊಸ ಲೆಕ್ಕ ಬೇಕಾಗಲಿಲ್ಲ. ವಿದ್ಯುತ್ ಬಿಲ್ಲಿನದು ಬೇರೆಯೇ ಕಥೆ, ಅದನ್ನು ಇದರೊಂದಿಗೆ ಬೆರೆಸಿಲ್ಲ.

ಲೆಕ್ಕ ಬದಲಾದದ್ದು ಒಂದೇ ಸಲ, 2025ರ ಆಗಸ್ಟ್‌ನಲ್ಲಿ. ಪರೀಕ್ಷೆಗಳು ಹತ್ತಿರವಿದ್ದುದರಿಂದ ಮೇಡಂ ಮುಂದಿನ ಮೂರು ತಿಂಗಳಿಗೆ ಹತ್ತರ ಬದಲು 14 ದಿನ ಎಂದು ಹೇಳಿಕೊಂಡರು. ಸಾಮಾನ್ಯ ಜಾಗದ ಬಾಡಿಗೆಯಲ್ಲಿ ದಿನಗಳ ಮೇಲೆ ನಿಂತಿರುವ ಭಾಗ ಚಿಕ್ಕದಾದ್ದರಿಂದ ಅವರ ಪಾಲು 3,250ರಿಂದ 3,328ಕ್ಕೆ ಏರಿತು. ನನ್ನದು 37, ಸಂಕಲನಕಾರನದು 41 ರೂಪಾಯಿ ಇಳಿಯಿತು. ಮೇಡಂ ಕಾಗದವನ್ನು ಎರಡು ಸಲ ನೋಡಿ, "ನಾಲ್ಕು ದಿನಕ್ಕೆ ಬರೀ ಎಪ್ಪತ್ತೆಂಟು ರೂಪಾಯಿನಾ? ಎಲ್ಲೋ ತಪ್ಪಿರಬೇಕು" ಎಂದರು. ತಪ್ಪಿಲ್ಲ ಎಂದು ತೋರಿಸಿದ ಮೇಲೂ ಅನುಮಾನ ಹೋಗಲಿಲ್ಲ. ಸಂಕಲನಕಾರ ಹೆಡ್‌ಫೋನ್ ತೆಗೆಯದೆಯೇ, "ಮೇಡಂ, ನಿಮ್ಮ ಮೇಜು ಹತ್ತು ದಿನದಲ್ಲೂ ಇಪ್ಪತ್ನಾಲ್ಕು ಅಡಿ, ಹದಿನಾಲ್ಕು ದಿನದಲ್ಲೂ ಅಷ್ಟೇ" ಎಂದು ಕಡತ ಏರಿಸುವುದನ್ನು ಮುಂದುವರಿಸಿದ. ಗಡಿಯಾರ ನೋಡಿದೆ. ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು.